ಪರೀಕ್ಷಾಪೂರ್ವ ಸಂಭವನೀಯತೆ ಎಂದರೆ ಪೂರ್ವಗ್ರಹವಲ್ಲ

ದಾವಣಗೆರೆಯ ಆರೋಗ್ಯ ಶಿಬಿರವೊಂದರಲ್ಲಿ ಹಂಚಿದ ಕೈಪಿಡಿಯಲ್ಲಿ ‘ವೈದ್ಯರು ಪರೀಕ್ಷೆಗೆ ಮುನ್ನವೇ ಒಂದು ಪೂರ್ವಗ್ರಹವನ್ನು ಲೆಕ್ಕ ಹಾಕಿಕೊಳ್ಳುತ್ತಾರೆ’ ಎಂಬ ವಾಕ್ಯವಿತ್ತು. ಈ ತಪ್ಪನ್ನು ನಾನು ಮತ್ತೆ ಮತ್ತೆ ಕಾಣುತ್ತಿದ್ದೇನೆ. ಪೂರ್ವಗ್ರಹವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಲೆಕ್ಕ ಹಾಕುವುದು ಪರೀಕ್ಷಾಪೂರ್ವ ಸಂಭವನೀಯತೆಯನ್ನು.

ಎರಡರಲ್ಲೂ ‘ಪೂರ್ವ’ ಇರುವುದೇ ಗೊಂದಲಕ್ಕೆ ಕಾರಣ. ಆದರೆ ಅರ್ಥವನ್ನು ಹೊರುವುದು ಅದರ ಜೊತೆಗಿರುವ ಪದ. ‘ಗ್ರಹ’ದ ಧಾತುವಿಗೆ ಹಿಡಿಯುವುದು ಎಂಬ ಅರ್ಥವಿದೆ, ಗ್ರಹಣ, ಸಂಗ್ರಹ, ಆಗ್ರಹ, ಎಲ್ಲದರಲ್ಲೂ ಅದೇ ಹಿಡಿತವಿದೆ. ‘ಸಂಭವ’ದ ಧಾತುವಿಗೆ ಆಗುವುದು ಎಂಬ ಅರ್ಥ. ಮೊದಲೇ ಹಿಡಿದುಕೊಂಡದ್ದು ಪೂರ್ವಗ್ರಹ. ಪರೀಕ್ಷೆಗೆ ಮುಂಚೆ, ಇಂಥ ವಯಸ್ಸಿನ, ಇಂಥ ಲಕ್ಷಣಗಳ ನೂರು ಜನರಲ್ಲಿ ಎಷ್ಟು ಮಂದಿಗೆ ಈ ಕಾಯಿಲೆ ಇರಬಹುದು ಎಂಬ ಅಂದಾಜು ಪರೀಕ್ಷಾಪೂರ್ವ ಸಂಭವನೀಯತೆ. ಹೊಸ ವಿವರ ಬಂದೊಡನೆ ಎರಡನೆಯದು ಬದಲಾಗಲೇಬೇಕು. ಮೊದಲನೆಯದು ಹಾಗೆ ಬದಲಾಗುವುದಿಲ್ಲ. ಮೊದಲು ಹಿಡಿದದ್ದರಿಂದ ಸಾಕಷ್ಟು ದೂರ ಸರಿಯದೆ ಉಳಿಯುವುದನ್ನೇ ಮನಶ್ಶಾಸ್ತ್ರದಲ್ಲಿ ಲಂಗರು ಪಕ್ಷಪಾತ ಎನ್ನುತ್ತಾರೆ. ಕಡಲಿಲ್ಲದ ನಮ್ಮ ಬಯಲುಸೀಮೆಗೆ ಲಂಗರಿಗಿಂತ ಗೂಟವೇ ಹೆಚ್ಚು ಒಪ್ಪುವ ಹೋಲಿಕೆ: ಕಟ್ಟಿದ ಎತ್ತು ಹಗ್ಗದ ಅಳತೆಯಷ್ಟು ದೂರ ಮೇಯುತ್ತದೆ, ಗೂಟವನ್ನು ಮಾತ್ರ ಬಿಟ್ಟು ಹೋಗುವುದಿಲ್ಲ. ಮನಶ್ಶಾಸ್ತ್ರಜ್ಞರಾದ ಟ್ವೆರ್ಸ್ಕಿ ಮತ್ತು ಕಾನೆಮನ್ 1974ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಹೀಗೆಯೇ ಆಯಿತು. ತಿರುಗಿಸಿದ ಚಕ್ರ 10ರಲ್ಲಿ ನಿಂತಾಗ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳ ಪಾಲು ಎಷ್ಟೆಂಬುದಕ್ಕೆ ಜನ ಕೊಟ್ಟ ಅಂದಾಜಿನ ಮಧ್ಯಾಂಕ ಶೇ. 25; 65ರಲ್ಲಿ ನಿಂತಾಗ ಶೇ. 45. ಚಕ್ರಕ್ಕೂ ಪ್ರಶ್ನೆಗೂ ಯಾವ ಸಂಬಂಧವೂ ಇರಲಿಲ್ಲ.

ಮೇಲುಹೊಟ್ಟೆಯ ನೋವಿನಲ್ಲಿ ಈ ಗೂಟದ ಹೆಸರು ‘ಗ್ಯಾಸ್ಟ್ರಿಕ್’. ಅಲ್ಲಿ ಜಠರದ ಹುಣ್ಣು, ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ, ಹೃದಯದ ಕೆಳಭಾಗದ ಆಘಾತ, ಎಲ್ಲವೂ ನೋಯಬಹುದು. ಹೃದಯ ಮತ್ತು ಹೊಟ್ಟೆಯ ಒಳ ಅಂಗಗಳಿಂದ ಬರುವ ನೋವಿನ ನರಗಳು ಬೆನ್ನುಹುರಿಯಲ್ಲಿ ಹತ್ತಿರಹತ್ತಿರದ, ಕೆಲವೆಡೆ ಒಂದೇ ಮಟ್ಟಗಳಲ್ಲಿ ಸೇರುವುದರಿಂದ, ನೋವು ಎಲ್ಲಿಂದ ಹೊರಟಿತೆಂದು ಮೆದುಳಿಗೆ ಸ್ಪಷ್ಟವಾಗಿ ತಿಳಿಯುವುದಿಲ್ಲ. ಬೆರಳಿಟ್ಟು ತೋರಿಸಿದ ಜಾಗವೇ ಕಾಯಿಲೆಯ ಜಾಗವೆಂದು ನಂಬುವುದು ಮೊದಲ ತಪ್ಪು.

ಮೆಕ್ಕೆಜೋಳ ಮಾರಲು ದಾವಣಗೆರೆಯ ಮಾರುಕಟ್ಟೆಗೆ ಬಂದ, ಸಕ್ಕರೆ ಕಾಯಿಲೆಯೂ ಬೀಡಿಯ ಅಭ್ಯಾಸವೂ ಇರುವ 58 ವರ್ಷದ ರೈತರೊಬ್ಬರಿಗೆ ಮಂಡಕ್ಕಿ-ಮೆಣಸಿನಕಾಯಿ ತಿಂದ ಅರ್ಧ ಗಂಟೆಗೆ ಮೇಲುಹೊಟ್ಟೆ ನೋವು ಬಂದು ಮೈ ಬೆವರಿತು ಎಂದಿಟ್ಟುಕೊಳ್ಳೋಣ. ಅದೇ ತಿಂಡಿ ತಿಂದ 22 ವರ್ಷದ ವಿದ್ಯಾರ್ಥಿಗೂ ಅದೇ ಜಾಗದಲ್ಲಿ ನೋವು. ಇಬ್ಬರ ಇಸಿಜಿಯೂ ಸಹಜವಾಗಿದೆ. ಲೆಕ್ಕದ ಅನುಕೂಲಕ್ಕಾಗಿ, ಮೊದಲ ಇಸಿಜಿ ಹೃದಯಾಘಾತವಿರುವ ನೂರು ಜನರಲ್ಲಿ 50 ಮಂದಿಯಲ್ಲಿ ಮಾತ್ರ ಅದನ್ನು ತೋರಿಸುತ್ತದೆ, ಇಲ್ಲದ ನೂರರಲ್ಲಿ 90 ಮಂದಿಗೆ ಸಹಜವಾಗಿರುತ್ತದೆ ಎಂದು ಊಹಿಸೋಣ. ರೈತರಂಥ ನೂರರಲ್ಲಿ 30 ಮಂದಿಗೆ ಹೃದಯಾಘಾತವಿದ್ದರೆ, ಅವರಲ್ಲಿ 15 ಮಂದಿಯ ಇಸಿಜಿ ಸಹಜ. ಉಳಿದ 70ರಲ್ಲಿ 63 ಮಂದಿಯದು ಸಹಜ. ಸಹಜ ಇಸಿಜಿಯ 78 ಜನರಲ್ಲಿ 15 ಮಂದಿ ಎಂದರೆ ಸುಮಾರು ಶೇ. 19: ಐವರಲ್ಲಿ ಒಬ್ಬರು. ವಿದ್ಯಾರ್ಥಿಯಂಥ ಸಾವಿರದಲ್ಲಿ ಹತ್ತು ಮಂದಿಗೆ ಮಾತ್ರ ಇದ್ದರೆ, ಅದೇ ಎಣಿಕೆಯಲ್ಲಿ 896ರಲ್ಲಿ ಐವರು ಉಳಿಯುತ್ತಾರೆ, ಶೇ. 1ಕ್ಕಿಂತ ಕಡಿಮೆ. ಒಂದೇ ಬಗೆಯ ಕಾಗದ ಒಬ್ಬರನ್ನು ಮನೆಗೆ ಕಳಿಸಲು ನೆರವಾಗುತ್ತದೆ, ಇನ್ನೊಬ್ಬರ ವಿಷಯದಲ್ಲಿ ಏನನ್ನೂ ಮುಗಿಸುವುದಿಲ್ಲ. ಹೀಗಿರುವಾಗ ‘ಇಸಿಜಿ ನಾರ್ಮಲ್, ಹಾರ್ಟ್ ಏನೂ ಇಲ್ಲ’ ಎಂಬ ಮಾತನ್ನು ಯಾರ ಇಸಿಜಿ ಎಂದು ಕೇಳದೆ ಒಪ್ಪುವುದು ನನಗೆ ಅಸಹನೀಯ.

ಗೂಟ ಬಲವಾಗುವುದು ಇಲ್ಲಿಂದ ಮುಂದೆ. ರೈತರೇ ‘ಗ್ಯಾಸ್ಟ್ರಿಕ್ ಆಗಿದೆ ಸಾರ್’ ಎನ್ನುತ್ತಾರೆ, ಚೀಟಿಯಲ್ಲಿ ಅದೇ ಬರೆಯಲಾಗುತ್ತದೆ, ಪಾಳಿ ಬದಲಾದಾಗ ಬಂದ ವೈದ್ಯರು ಮೊದಲು ಓದುವುದೂ ಅದನ್ನೇ. ಬೆವರನ್ನು ಸೆಕೆಗೆ ಹೊರಿಸುತ್ತಾರೆ. ಆಮ್ಲಶಾಮಕ ಔಷಧ ಕುಡಿದು ನೋವು ತಗ್ಗಿದರೆ ರೋಗನಿರ್ಣಯ ಸಾಬೀತಾಯಿತು ಎಂದುಕೊಳ್ಳುತ್ತಾರೆ. ಆದರೆ ಹೃದಯದ ನೋವೂ ಆ ಹೊತ್ತಿಗೆ ತಾನಾಗಿ ತಗ್ಗಬಹುದಾದ್ದರಿಂದ ಅದು ಪುರಾವೆಯಲ್ಲ. ಪ್ರತಿಯೊಂದು ಹೊಸ ವಿವರವೂ ಸಂಭವನೀಯತೆಯನ್ನು ಅಲುಗಿಸುವ ಬದಲು ಹಳೆಯ ಹೆಸರಿಗೆ ಪೋಷಣೆಯಾಗುತ್ತಿದ್ದರೆ, ಅಲ್ಲಿ ನಡೆಯುತ್ತಿರುವುದು ಲೆಕ್ಕವಲ್ಲ, ಹಿಡಿತ.

ಚೀಟಿಯಲ್ಲಿ ‘ಮೇಲುಹೊಟ್ಟೆ ನೋವು, ಬೆವರು, ಸಕ್ಕರೆ ಕಾಯಿಲೆ, ಕಾರಣ ಇನ್ನೂ ತಿಳಿದಿಲ್ಲ’ ಎಂದು ಬರೆದಿದ್ದರೆ ಮುಂದಿನ ಹೆಜ್ಜೆ ತಾನಾಗಿ ಬೇರೆಯಾಗುತ್ತದೆ. ಐವರಲ್ಲಿ ಒಬ್ಬರು ಎಂಬ ಅಂದಾಜು ಕಣ್ಣೆದುರಿಗಿರುವುದರಿಂದ, ನೋವು ಇರುವವರೆಗೆ 15ರಿಂದ 30 ನಿಮಿಷಕ್ಕೊಮ್ಮೆ ಇಸಿಜಿಯನ್ನು ಮತ್ತೆ ತೆಗೆಯುತ್ತಾರೆ, ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಟ್ರೊಪೋನಿನ್ ಅನ್ನು ಕೆಲವು ಗಂಟೆಗಳ ಅಂತರದಲ್ಲಿ ಎರಡು ಬಾರಿ ನೋಡುತ್ತಾರೆ, ಏಕೆಂದರೆ ಆಘಾತದ ಆರಂಭದಲ್ಲಿ ಅದು ಇನ್ನೂ ಏರಿರದೆ ಇರಬಹುದು. ನಮ್ಮ ರೈತರ ಎರಡನೆಯ ಇಸಿಜಿಯಲ್ಲಿ, ಹೃದಯದ ಕೆಳಭಾಗವನ್ನು ತೋರಿಸುವ ಎರಡು, ಮೂರು ಮತ್ತು ಎವಿಎಫ್ ಲೀಡ್‌ಗಳಲ್ಲಿ ಎಸ್‌ಟಿ ಎಂಬ ಭಾಗ ಹೃದಯಾಘಾತದ ಗುರುತಾಗಿ ಮೇಲಕ್ಕೆದ್ದಿತು ಎನ್ನೋಣ. ಶೇ. 19 ಅಲ್ಲಿಗೆ ಹಳೆಯ ಸಂಖ್ಯೆಯಾಯಿತು. ಆ ಎರಡನೆಯ ಕಾಗದವನ್ನು ತೆಗೆಸಿದ್ದು ಮೊದಲ ಕಾಗದದ ನಂತರವೂ ಉಳಿದಿದ್ದ ಆ ಸಂಖ್ಯೆಯೇ.