ಸಾರ್ಟಿಂಗ್ ಟೇಬಲ್‌ನ ಕೊನೆಯ ಕಾಲಂ: ‘ಸ್ಟೇಬಲ್’ ಎಂಬ ಗುಣದ ಕಥೆ

ಡೇಟಾ ಸ್ಟ್ರಕ್ಚರ್ಸ್ ಪುಸ್ತಕದಲ್ಲಿ ಸಾರ್ಟಿಂಗ್ ಅಧ್ಯಾಯ ಮುಗಿಯುವಾಗ ಒಂದು ಟೇಬಲ್ ಇರುತ್ತದೆ ಅಲ್ವಾ? ಎಷ್ಟು ಸಮಯ, ಎಷ್ಟು ಜಾಗ, ಸ್ಟೇಬಲ್ ಹೌದೋ ಅಲ್ಲವೋ. ಮೊದಲ ಎರಡನ್ನು ಎಲ್ಲರೂ ಅರ್ಥ ಮಾಡಿಕೊಳ್ಳುತ್ತಾರೆ. ಮೂರನೆಯದನ್ನು ಸುಮ್ನೆ ಬಾಯಿಪಾಠ ಮಾಡಿಬಿಡುತ್ತಾರೆ. ನನಗೆ ಇದು ಬೇಜಾರಿನ ವಿಷಯ, ಯಾಕೆಂದರೆ ಆ ಮೂರನೆಯ ಕಾಲಂ ಬ್ರೌಸರ್‌ಗಳಲ್ಲಿ ಇತ್ಯರ್ಥವಾಗಿದ್ದೇ 2018-19ರಲ್ಲಿ.

ಒಂದು ಪಟ್ಟಿ ತಗೊಳ್ಳಿ, ಹೆಸರಿನ ಪ್ರಕಾರ ಆಗಲೇ ಜೋಡಿಸಿದ್ದು: ಆಶಾ 72, ಚೇತನ್ 72, ಭಾರತಿ 60. ಈಗ ಅಂಕದ ಪ್ರಕಾರ ಸಾರ್ಟ್ ಮಾಡಬೇಕು. ಭಾರತಿ ಮೊದಲು ಬರುತ್ತಾಳೆ. ಆಶಾ, ಚೇತನ್ ಇಬ್ಬರದ್ದೂ 72. ಮೊದಲಿದ್ದ ಹಾಗೆ ಆಶಾ ಮುಂದೆಯೇ ಉಳಿದರೆ ಆ ಸಾರ್ಟ್ ಸ್ಟೇಬಲ್.

ಪಂಚ್ ಕಾರ್ಡ್ ಕಾಲದಲ್ಲಿ ಇದಿಲ್ಲದೆ ಕೆಲಸವೇ ನಡೆಯುತ್ತಿರಲಿಲ್ಲ. ಸಾರ್ಟರ್ ಯಂತ್ರ ಒಂದು ಸಲಕ್ಕೆ ಒಂದು ಕಾಲಂ ಮಾತ್ರ ನೋಡುತ್ತಿತ್ತು. ಹಾಗಾಗಿ ಬಿಡಿ ಸ್ಥಾನದ ಅಂಕಿಯಿಂದ ಶುರು ಮಾಡಿ, ಹತ್ತು, ನೂರು ಅಂತ ಎಡಕ್ಕೆ ಹೋಗುತ್ತಾ, ಪ್ರತಿ ಸಲವೂ ಕಾರ್ಡ್‌ಗಳನ್ನು ಹಿಂದಿನ ಕ್ರಮ ಕೆಡದ ಹಾಗೆ ಒಟ್ಟುಮಾಡಿ ಮತ್ತೆ ಯಂತ್ರಕ್ಕೆ ಹಾಕಬೇಕಿತ್ತು. ಎಲ್ಲೋ ಒಂದು ಕಡೆ ಕ್ರಮ ತಪ್ಪಿದರೆ ಹಿಂದಿನ ಸುತ್ತುಗಳೆಲ್ಲ ವ್ಯರ್ಥ.

1945ರಲ್ಲಿ ಜಾನ್ ವಾನ್ ನಾಯ್ಮನ್ ಬರೆದ ಮರ್ಜ್ ಸಾರ್ಟ್‌ನಲ್ಲೂ ಈ ಗುಣ ಸಲೀಸಾಗಿ ಸಿಗುತ್ತದೆ. ಎಲ್ಲ ನಿಂತಿರುವುದು ಒಂದು ಗುರುತಿನ ಮೇಲೆ:

```
if L[i] <= R[j]: take L[i]
else:            take R[j]
```

ಸಮ ಇದ್ದಾಗ ಎಡಗಡೆಯದ್ದನ್ನೇ ಮೊದಲು ತಗೊಳ್ಳುತ್ತೇವೆ. `<=` ಜಾಗದಲ್ಲಿ `<` ಬರೆದರೆ ಉತ್ತರ ಆಗಲೂ ಸಾರ್ಟ್ ಆಗಿಯೇ ಬರುತ್ತದೆ, ಆದರೆ ಸ್ಟೇಬಲ್ ಆಗಿರುವುದಿಲ್ಲ. ಸಮಯ ಯಾವಾಗಲೂ O(n log n). ತೊಂದರೆ ಇರುವುದು ಜಾಗದಲ್ಲಿ: ಸಾಮಾನ್ಯವಾಗಿ ಬರೆಯುವ ರೀತಿಯಲ್ಲಿ ಇನ್ನೂ n ಜಾಗ ಬೇಕು.

ಮೆಮೊರಿ ದುಬಾರಿಯಾಗಿದ್ದ ಕಾಲ ಅದು. 1959ರಲ್ಲಿ ಮಾಸ್ಕೋದಲ್ಲಿ ಓದುತ್ತಿದ್ದ ಟೋನಿ ಹೋರ್, ರಷ್ಯನ್ ವಾಕ್ಯದ ಪದಗಳನ್ನು ಟೇಪ್‌ನಲ್ಲಿದ್ದ ನಿಘಂಟಿನಲ್ಲಿ ಹುಡುಕೋಕೆ ಮೊದಲು ಅವನ್ನು ಜೋಡಿಸಬೇಕು ಅಂತ ಯೋಚಿಸುವಾಗ ಕ್ವಿಕ್ ಸಾರ್ಟ್ ಹೊಳೆಯಿತು. 1961ರಲ್ಲಿ ಪ್ರಕಟವಾಯಿತು. ಇವತ್ತು ಪಾಠದಲ್ಲಿ ಹೆಚ್ಚಾಗಿ ಕಾಣುವ ರೂಪ ಹೀಗಿದೆ:

```
i = lo
for j = lo to hi-1:
    if a[j] <= a[hi]:
        swap a[i], a[j]
        i = i + 1
swap a[i], a[hi]
```

ನಮ್ಮ ಪಟ್ಟಿಯನ್ನು ಇದಕ್ಕೆ ಕೊಡಿ. ಪಿವಟ್, ಅಂದರೆ ಉಳಿದವರನ್ನು ಹೋಲಿಸಿ ನೋಡುವ ಕೊನೆಯ ಅಂಶ `a[hi]`, ಇಲ್ಲಿ ಭಾರತಿ 60. ಉಳಿದ ಇಬ್ಬರೂ 60ಕ್ಕಿಂತ ಜಾಸ್ತಿ, ಹಾಗಾಗಿ `i` ಕದಲುವುದೇ ಇಲ್ಲ. ಕೊನೆಯ ಸಾಲಿನಲ್ಲಿ ಭಾರತಿ ಮತ್ತು ಆಶಾ ಅದಲುಬದಲು: ಭಾರತಿ, ಚೇತನ್, ಆಶಾ. ಬಲಗಡೆಯ ಇಬ್ಬರನ್ನು ಮತ್ತೆ ಸಾರ್ಟ್ ಮಾಡಿದರೂ ಇಬ್ಬರದ್ದೂ 72 ಆದ್ದರಿಂದ ಅವರು ಇದ್ದಲ್ಲೇ ಇರುತ್ತಾರೆ. ಆಶಾ ಹಿಂದೆ ಉಳಿದಳು. ದೂರದ ಎರಡು ಜಾಗಗಳ ಮಧ್ಯೆ ಅದಲುಬದಲು ಮಾಡುವುದೇ ಇದಕ್ಕೆ ಕಾರಣ. 1964ರಲ್ಲಿ ಬಂದ ಹೀಪ್ ಸಾರ್ಟ್ ಸ್ಟೇಬಲ್ ಅಲ್ಲದಿರುವುದಕ್ಕೂ ಇದೇ ಕಾರಣ.

ಬದಲಿಗೆ ಜಾಗ ಉಳಿಯಿತು. ಜಾಗರೂಕತೆಯಿಂದ ಬರೆದರೆ ಕ್ವಿಕ್ ಸಾರ್ಟ್‌ಗೆ O(log n) ಸ್ಟ್ಯಾಕ್ ಸಾಕು. ಸಮಯ ಸರಾಸರಿ O(n log n), ಆದರೆ ಮೇಲಿನ ಕೋಡ್‌ಗೆ ಆಗಲೇ ಸಾರ್ಟ್ ಆದ 1,000 ಸಂಖ್ಯೆ ಕೊಟ್ಟರೆ ಸುಮಾರು 5 ಲಕ್ಷ ಹೋಲಿಕೆ ಮಾಡುತ್ತದೆ.

ಬರೀ ಸಂಖ್ಯೆಗಳಾದರೆ ಸ್ಟೇಬಲ್ ಆಗದಿದ್ದರೂ ನಷ್ಟವಿಲ್ಲ, ಒಂದು 72ಕ್ಕೂ ಇನ್ನೊಂದು 72ಕ್ಕೂ ವ್ಯತ್ಯಾಸ ಎಲ್ಲಿದೆ? ಜಾವಾ ಇದನ್ನು ಸರಿಯಾಗಿ ಹಿಡಿಯಿತು: `int` ಅರೇಗೆ ಕ್ವಿಕ್ ಸಾರ್ಟ್, ಆಬ್ಜೆಕ್ಟ್‌ಗಳಿಗೆ ಮರ್ಜ್ ಸಾರ್ಟ್. ನನ್ನ ಮಟ್ಟಿಗೆ ಆ ಟೇಬಲ್ ಓದುವ ಸರಿಯಾದ ರೀತಿ ಇದೇ.

ಜಾವಾಸ್ಕ್ರಿಪ್ಟ್‌ನಲ್ಲಿ ಹಾಗೆ ಆಗಲಿಲ್ಲ. ಸ್ಟೇಬಲ್ ಆಗಿರಲೇಬೇಕು ಅಂತ ನಿಯಮವಿರಲಿಲ್ಲ. ಕ್ರೋಮ್‌ನ V8 ಎಂಜಿನ್ 10 ಅಥವಾ ಅದಕ್ಕಿಂತ ಕಡಿಮೆ ಅಂಶಗಳಿದ್ದರೆ ಇನ್ಸರ್ಷನ್ ಸಾರ್ಟ್, ಜಾಸ್ತಿ ಇದ್ದರೆ ಕ್ವಿಕ್ ಸಾರ್ಟ್ ಬಳಸುತ್ತಿತ್ತು. ಇನ್ಸರ್ಷನ್ ಸಾರ್ಟ್ ಪಕ್ಕದವರನ್ನು ಮಾತ್ರ ಸರಿಸುತ್ತದೆ, ಆದ್ದರಿಂದ ಸ್ಟೇಬಲ್. ಇಲ್ಲಿ `x` ಅಂದರೆ ಸದ್ಯ ಜಾಗ ಹುಡುಕುತ್ತಿರುವ ಅಂಶ:

```
while j >= 0 and a[j] > x:
    a[j+1] = a[j]
    j = j - 1
```

ಪರಿಣಾಮ ಏನು ಗೊತ್ತಾ? ಆರೇಳು ಸಾಲಿನ ಡೇಟಾ ಇಟ್ಟು ಟೆಸ್ಟ್ ಮಾಡಿದವರಿಗೆ ಎಲ್ಲ ಸರಿ ಕಾಣುತ್ತಿತ್ತು. ಬಳಕೆದಾರರ ಮುಂದೆ 11ನೇ ಸಾಲು ಬಂದ ಮೇಲೆ ಪಟ್ಟಿಯ ಕ್ರಮ ಕೆಡಬಹುದಿತ್ತು, ಕೋಡ್‌ನಲ್ಲಿ ಒಂದಕ್ಷರ ಬದಲಾಗದೆ.

ದಾರಿ ತೋರಿಸಿದ್ದು ಪೈಥಾನ್. 2002ರಲ್ಲಿ ಟಿಮ್ ಪೀಟರ್ಸ್ ಮರ್ಜ್ ಮತ್ತು ಇನ್ಸರ್ಷನ್ ಎರಡನ್ನೂ ಸೇರಿಸಿ ಟಿಮ್‌ಸಾರ್ಟ್ ಬರೆದರು. ಅದು ಸ್ಟೇಬಲ್, ಆಗಲೇ ಸಾರ್ಟ್ ಆದ ತುಂಡುಗಳನ್ನು ಗುರುತಿಸಿ ಹಾಗೇ ಬಳಸುತ್ತದೆ, ಹೆಚ್ಚೆಂದರೆ n/2 ಜಾಗ ಕೇಳುತ್ತದೆ. ಜಾವಾ 7 ಕೂಡ ಆಬ್ಜೆಕ್ಟ್‌ಗಳಿಗೆ ಇದನ್ನೇ ತಂದಿತು. 2018ರಲ್ಲಿ V8 ಇದಕ್ಕೆ ಬದಲಾಯಿತು, ಮರುವರ್ಷ ಜಾವಾಸ್ಕ್ರಿಪ್ಟ್ ಭಾಷೆಯ ಅಧಿಕೃತ ನಿಯಮಾವಳಿ ES2019 ಸ್ಟೇಬಲ್ ಆಗಿರುವುದನ್ನು ನಿಯಮ ಮಾಡಿತು.

ಸಿ ಭಾಷೆಯ `qsort` ಇವತ್ತಿಗೂ ಆ ಭರವಸೆ ಕೊಡುವುದಿಲ್ಲ. ಅಲ್ಲಿ ಪ್ರತಿ ದಾಖಲೆಗೂ ಅದರ ಮೂಲ ಸ್ಥಾನದ ಸಂಖ್ಯೆ ಸೇರಿಸಿ, ಅಂಕ ಸಮ ಬಂದಾಗ ಆ ಸಂಖ್ಯೆಯನ್ನು ಹೋಲಿಸಿ. ಟೆಸ್ಟ್ ಮಾಡುವಾಗ ಒಂದೇ ಅಂಕದವರು ತುಂಬ ಇರುವ, ಕನಿಷ್ಠ ಕೆಲವು ನೂರು ಸಾಲಿನ ಪಟ್ಟಿ ಕೊಡಿ.