ರೊಟ್ಟಿಯ ಮೇಲಿನ ಎರಡಿಂಚಿನ ಗೆರೆ: ಎಂಟು ಹಲ್ಲಿನ ಚೈನು ಯಾಕೆ ಜಗ್ಗಿ ಜಗ್ಗಿ ಓಡುತ್ತದೆ?

ಹುಬ್ಬಳ್ಳಿಯ ಒಂದು ರೊಟ್ಟಿ ಘಟಕದಿಂದ ಹೋದ ವರ್ಷ ನನಗೆ ಕರೆ ಬಂತು. ಜೋಳದ ರೊಟ್ಟಿಯನ್ನು ಮಷೀನಿನಲ್ಲಿ ಮಾಡಿ ಒಣಗಿಸಿ ಮಾರುವ ಘಟಕ ಅದು. ನಡೆಸುವ ಅಕ್ಕಾರು ನಾಲ್ಕು ರೊಟ್ಟಿ ತಂದು ಮೇಜಿನ ಮೇಲೆ ಇಟ್ಟರು. ಪ್ರತಿ ರೊಟ್ಟಿಯ ಮೇಲೂ ಅಡ್ಡಡ್ಡ ಸಣ್ಣ ಬಿರುಕು. ಆ ಬಿರುಕಿನಿಂದ ಹಬೆ ಹೊರಗೆ ಹೋಗುತ್ತಿತ್ತು. ಹಾಗಾಗಿ ರೊಟ್ಟಿ ಉಬ್ಬುತ್ತಿರಲಿಲ್ಲ, ಒಣಗಿಸಿದ ಮೇಲೆ ಅದೇ ಗೆರೆಯಲ್ಲಿ ಮುರಿಯುತ್ತಿತ್ತು.

"ಹಿಟ್ಟು ಬದಲಿ ಮಾಡಿ ನೋಡಿದ್ವಿ ಸರ್ರ. ನೀರು ಇನ್ನಷ್ಟು ಕಾಸಿ ನೋಡಿದ್ವಿ. ಗೆರಿ ಹೋಗವಲ್ದು" ಅಂದರು.

ನಾನು ಟೇಪ್ ತೆಗೆದು ಗೆರೆಗಳ ನಡುವಿನ ಅಂತರ ಅಳೆದೆ. ಎರಡು ಇಂಚು. ಮುಂದಿನದ್ದೂ ಎರಡು ಇಂಚು. ನಾಲ್ಕೂ ರೊಟ್ಟಿಯಲ್ಲಿ ಅಷ್ಟೇ. ಹಿಟ್ಟಿನ ದೋಷ ಹೀಗೆ ಅಳತೆ ಹಿಡಿದು ಬರುವುದಿಲ್ಲ, ಅಲ್ವಾ? ಮಷೀನಿನ ಹತ್ತಿರ ಹೋಗಿ ಒಲೆಯ ಕನ್ವೇಯರ್ ಎಳೆಯುವ ಚೈನಿನ ಒಂದು ಕೊಂಡಿ ಅಳೆದೆ. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 50.8 ಮಿ.ಮೀ., ಅಂದರೆ ಸರಿಯಾಗಿ ಎರಡು ಇಂಚು. ಅದನ್ನು ಎಳೆಯುವ ಸ್ಪ್ರಾಕೆಟ್‌ಗೆ ಎಂಟೇ ಹಲ್ಲು.

ಒಂದು ಗುಂಡನೆಯ ಲೋಟಕ್ಕೆ ದಾರ ಸುತ್ತಿದರೆ ಅದು ಲೋಟದ ಮೈಗೆ ಅಂಟಿ ಕೂರುತ್ತದೆ. ಬೆಂಕಿಕಡ್ಡಿಗಳನ್ನು ತುದಿಗೆ ತುದಿ ಪೋಣಿಸಿ ಸುತ್ತಿದರೆ ಹಾಗೆ ಕೂರುವುದಿಲ್ಲ. ಕಡ್ಡಿ ಬಾಗುವುದಿಲ್ಲ, ಪೋಣಿಸಿದ ಜಾಗದಲ್ಲಿ ಮಾತ್ರ ಮಡಚುತ್ತದೆ. ಚೈನೂ ಹೀಗೇ. ಎಂಟು ಹಲ್ಲಿನ ಸ್ಪ್ರಾಕೆಟ್ ನೋಡಲು ಗುಂಡಗಿದ್ದರೂ ಚೈನಿನ ಪಾಲಿಗೆ ಅದು ಎಂಟು ಮೂಲೆಯ ಗಾಲಿ. ಬಾವಿಯ ರಾಟೆ ಎಂಟು ಮೂಲೆಯದ್ದಾಗಿದ್ದರೆ ಹಗ್ಗ ಹೇಗೆ ಜಗ್ಗಿ ಜಗ್ಗಿ ಬರುತ್ತಿತ್ತೋ, ಹಾಗೆ.

ಈ ಮಷೀನಿನ ಲೆಕ್ಕವನ್ನೇ ನೋಡೋಣ. ಸ್ಪ್ರಾಕೆಟ್ಟಿನ ನಡುವಿನಿಂದ ಮೂಲೆಗೆ, ಅಂದರೆ ಪಿನ್ನು ಕೂರುವ ಜಾಗಕ್ಕೆ, ಸುಮಾರು 66 ಮಿ.ಮೀ. ನಡುವಿನಿಂದ ಚಪ್ಪಟೆ ಬದಿಗೆ ಸುಮಾರು 61 ಮಿ.ಮೀ. ಶಾಫ್ಟ್ ಒಂದೇ ವೇಗದಲ್ಲಿ ತಿರುಗುತ್ತಿದೆ. ಮೂಲೆ ಮೇಲೆ ಬಂದಾಗ ಚೈನು 66 ಮಿ.ಮೀ. ತ್ರಿಜ್ಯದ ಗಾಲಿ ಎಳೆದ ಹಾಗೆ ಜೋರಾಗಿ ಓಡುತ್ತದೆ. ಚಪ್ಪಟೆ ಬದಿ ಬಂದಾಗ 61ರ ಗಾಲಿ ಎಳೆದ ಹಾಗೆ ನಿಧಾನವಾಗುತ್ತದೆ. ಒಂದು ಹಲ್ಲಿಗೆ ಒಂದು ಸಲ ಈ ಏರಿಳಿತ. ಗರಿಷ್ಠ ವೇಗಕ್ಕೆ ಹೋಲಿಸಿದರೆ ವ್ಯತ್ಯಾಸ 7.6%. ಹಲ್ಲಿನ ಸಂಖ್ಯೆ N ಆದರೆ ಸೂತ್ರ ಇಷ್ಟೇ: 1 − cos(180°/N). ಗಮನಿಸಿ, ಈ ಸೂತ್ರದಲ್ಲಿ ಮೋಟರಿನ ವೇಗವೇ ಇಲ್ಲ. ಮಷೀನ್ ನಿಧಾನ ಓಡಿಸಿದರೆ ಬಡಿತದ ಸದ್ದು ಕಡಿಮೆಯಾದೀತು, ಏರಿಳಿತದ ಪಾಲು ಅಷ್ಟೇ ಉಳಿಯುತ್ತದೆ.

ಇದಕ್ಕೆ ಬಹುಭುಜ ಪರಿಣಾಮ ಎನ್ನುತ್ತಾರೆ. ಅಂಗಡಿ ಮಾತಿನಲ್ಲಿ "ಚೈನು ಜರ್ಕು ಹೊಡೀತದ".

ಇದು ಹೊಸ ಕಾಯಿಲೆ ಏನಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಹಾನ್ಸ್ ರೆನಾಲ್ಡ್ 1880ರಲ್ಲಿ ಬುಶ್ ಇರುವ ರೋಲರ್ ಚೈನಿಗೆ ಪೇಟೆಂಟ್ ಪಡೆದರು. ಅದಕ್ಕೂ ಮೊದಲು 1864ರಲ್ಲಿ ಜೇಮ್ಸ್ ಸ್ಲೇಟರ್ ಅವರ ಚೈನಿತ್ತು. ಆದರೆ ಅದರಲ್ಲಿ ಪಿನ್ನು ಬೇಗ ಸವೆಯುತ್ತಿತ್ತು. ರೆನಾಲ್ಡ್ ಪಿನ್ನಿನ ಮೇಲೆ ಬುಶ್ ಎಂಬ ಕೊಳವೆ ಕೂರಿಸಿ ಭಾರವನ್ನು ಅಗಲವಾದ ಜಾಗಕ್ಕೆ ಹಂಚಿದರು. ಸವೆತ ಕಡಿಮೆಯಾಯಿತು. ಮೂಲೆಯ ಸಮಸ್ಯೆ ಮಾತ್ರ ಹಾಗೇ ಉಳಿಯಿತು, ಯಾಕೆಂದರೆ ಕೊಂಡಿ ಗಟ್ಟಿ ಲೋಹದ್ದು. ಅದು ಬಾಗುವುದಿಲ್ಲ.

ಅದೇ ಹೊತ್ತಿಗೆ ಸೈಕಲ್ ಬಂತು. 1885ರ ರೋವರ್ ಸೈಕಲ್ಲಿನಲ್ಲಿ ಚೈನು ಹಿಂದಿನ ಗಾಲಿಯನ್ನು ಎಳೆಯುತ್ತಿತ್ತು. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗಿರುವ ಅಂತರಕ್ಕೆ ಪಿಚ್ ಎನ್ನುತ್ತಾರೆ. ಆಗಿನ ಸೈಕಲ್ ಚೈನುಗಳಲ್ಲಿ ಹೆಚ್ಚಿನವು ಒಂದು ಇಂಚಿನ ಪಿಚ್‌ನವು. ಹಿಂದಿನ ಸ್ಪ್ರಾಕೆಟ್ ಚಿಕ್ಕದಿರಬೇಕು, ಪಿಚ್ ಇಂಚಿನದ್ದು, ಹಾಗಾಗಿ ಅದರಲ್ಲಿ ಎಂಟು-ಹತ್ತು ಹಲ್ಲಿಗಿಂತ ಜಾಸ್ತಿ ಹಿಡಿಸುತ್ತಿರಲಿಲ್ಲ. ನಮ್ಮ ರೊಟ್ಟಿ ಮಷೀನಿನ ಸ್ಥಿತಿಯೇ. ಆಮೇಲೆ ಅರ್ಧ ಇಂಚಿನ ಚೈನು ಬಂದು ನೆಲೆ ನಿಂತಿತು. ಇವತ್ತಿಗೂ ನಮ್ಮ ಸೈಕಲ್ಲುಗಳ ಚೈನು ಅರ್ಧ ಇಂಚಿನದ್ದೇ, 12.7 ಮಿ.ಮೀ.

ಆ ಬದಲಾವಣೆಯ ಹಿಂದಿನ ಲೆಕ್ಕ ತುಂಬಾ ಚೆಂದ. ಸ್ಪ್ರಾಕೆಟ್ಟಿನ ಗಾತ್ರ ಅಷ್ಟೇ ಇಟ್ಟು ಪಿಚ್ ಅರ್ಧ ಮಾಡಿದರೆ ಹಲ್ಲು ಎರಡು ಪಟ್ಟು ಆಗುತ್ತದೆ. ಆದರೆ ವೇಗದ ಏರಿಳಿತ ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಎಂಟು ಹಲ್ಲಿಗೆ 7.6% ಇದ್ದದ್ದು ಹದಿನಾರು ಹಲ್ಲಿಗೆ 1.9%. ಹದಿನೇಳಕ್ಕೆ 1.7%. ಪವರ್ ಚೈನಿಗೆ ಕನಿಷ್ಠ 17 ಹಲ್ಲು ಹಾಕಿ ಎಂದು ಕೈಪಿಡಿಗಳು ಹೇಳುವುದಕ್ಕೆ ಇದೂ ಒಂದು ಕಾರಣ. ಅಲ್ಲಿಂದ ಮುಂದೆ ಹಲ್ಲು ಹೆಚ್ಚಿಸಿದರೆ ಸಿಗುವ ಲಾಭ ಕಡಿಮೆ: 25 ಹಲ್ಲಿಗೆ 0.8%.

ಹಾಗಾದರೆ ಕನ್ವೇಯರ್‌ಗೆ ಎಂಟು ಹಲ್ಲು ಯಾಕೆ ಹಾಕುತ್ತಾರೆ? ದೊಡ್ಡ ಪಿಚ್ ಚೈನಿನಲ್ಲಿ ಒಂದು ಮೀಟರಿಗೆ ಕೊಂಡಿ ಕಡಿಮೆ, ತೂಕ ಕಡಿಮೆ, ಖರ್ಚೂ ಕಡಿಮೆ. ಮೆಕ್ಕೆಜೋಳದ ಚೀಲ ಸಾಗಿಸುವ ಕನ್ವೇಯರ್ ಸ್ವಲ್ಪ ಜಗ್ಗಿದರೆ ಚೀಲಕ್ಕೆ ಏನೂ ಆಗುವುದಿಲ್ಲ. ರೊಟ್ಟಿಗೆ ಆಗುತ್ತದೆ.

ಈ ಮಷೀನಿನಲ್ಲಿ ರೋಲರುಗಳು ಹಿಟ್ಟನ್ನು ಹಾಳೆ ಮಾಡುತ್ತವೆ, ಕಟರ್ ಗುಂಡಗೆ ಕತ್ತರಿಸುತ್ತದೆ. ಹಸಿ ರೊಟ್ಟಿ ಒಂದು ಚಿಕ್ಕ ಬೆಲ್ಟಿನ ಮೇಲಿಂದ ಒಲೆಯ ಜಾಲರಿಗೆ ದಾಟುತ್ತದೆ. ಬೆಲ್ಟು ನುಣುಪು ಡ್ರಮ್ಮಿನ ಮೇಲೆ ಒಂದೇ ಸಮ ಓಡುತ್ತದೆ. ಜಾಲರಿಯನ್ನು ಎಳೆಯುವುದು ಎಂಟು ಹಲ್ಲಿನ ಚೈನು. ರೊಟ್ಟಿಯ ಮುಂದಿನ ಅಂಚು ಜಾಲರಿಯ ಮೇಲೆ, ಹಿಂದಿನ ಅಂಚು ಇನ್ನೂ ಬೆಲ್ಟಿನ ಮೇಲೆ. ಜಾಲರಿಯ ವೇಗ ನಿಮಿಷಕ್ಕೆ 3 ಮೀಟರ್, ಅಂದರೆ ಸೆಕೆಂಡಿಗೆ 50 ಮಿ.ಮೀ. ಆದ್ದರಿಂದ ಹೆಚ್ಚುಕಡಿಮೆ ಸೆಕೆಂಡಿಗೆ ಒಂದು ಸಲ ಜಾಲರಿ ರೊಟ್ಟಿಯನ್ನು ಜಗ್ಗುತ್ತದೆ, ಮತ್ತೆ ಸಡಿಲ ಬಿಡುತ್ತದೆ. ಲೆಕ್ಕ ಹಾಕಿದರೆ ಆ ಹಿಂದುಮುಂದು ಅರ್ಧ ಮಿ.ಮೀ. ಮಾತ್ರ. ಗೋಧಿ ಹಿಟ್ಟಾಗಿದ್ದರೆ ಅಷ್ಟು ಹಿಗ್ಗಿ ಸುಮ್ನೆ ಆಗುತ್ತಿತ್ತು. ಜೋಳದ ಹಿಟ್ಟಿನಲ್ಲಿ ಗ್ಲೂಟನ್ ಇಲ್ಲ. ಬಿಸಿನೀರಲ್ಲಿ ನಾದಿದಾಗ ಬರುವ ಅಂಟಷ್ಟೇ ಅದನ್ನು ಹಿಡಿದಿಟ್ಟಿರುತ್ತದೆ. ಅದು ಹಿಗ್ಗುವುದಿಲ್ಲ, ಬಿರಿಯುತ್ತದೆ.

ನಾನು ಹೋಗುವ ಮೊದಲೇ ಎರಡು ಪ್ರಯತ್ನ ಆಗಿದ್ದವು. ಎರಡೂ ನಮ್ಮ ಕಡೆ ಎಲ್ಲರೂ ಮೊದಲು ಮಾಡುವಂಥವೇ.

ಮೊದಲನೆಯದು, ಟೆನ್ಷನರ್ ಬಿಗಿ ಮಾಡಿದ್ದು. ಬಿಗಿ ಮಾಡಿದ ಮೇಲೆ ಜರ್ಕು ಇನ್ನೂ ಜಾಸ್ತಿಯಾಯಿತು, ಮೋಟರ್ ಬಿಸಿಯಾಯಿತು. ಟೆನ್ಷನರ್‌ನ ಕೆಲಸ ಚೈನಿನ ಸಡಿಲ ಬದಿಯಲ್ಲಿ ಜೋತು ಬಿದ್ದ ಉದ್ದವನ್ನು ಹಿಡಿದುಕೊಳ್ಳುವುದು. ಚೈನು ಹಲ್ಲು ಹಾರಬಾರದು, ಬಡಿದಾಡಬಾರದು, ಅಷ್ಟಕ್ಕೆ ಅದು ಬೇಕು. ಎಂಟು ಮೂಲೆಯ ಗಾಲಿಯನ್ನು ಗುಂಡಗೆ ಮಾಡುವ ಶಕ್ತಿ ಅದಕ್ಕಿಲ್ಲ. ಉಲ್ಟಾ, ಅತಿ ಬಿಗಿಯಾದರೆ ಪಿನ್ನು ಮತ್ತು ಬುಶ್ಶಿನ ನಡುವೆ ಒತ್ತಡ ಏರಿ ಪ್ರತಿ ಕೊಂಡಿ ಮಡಚುವಾಗಲೂ ತಿಕ್ಕಾಟ ಹೆಚ್ಚುತ್ತದೆ. ಎರಡು ಸ್ಪ್ರಾಕೆಟ್ ನಡುವೆ ಮಟ್ಟವಾಗಿ ಓಡುವ ಸಾಮಾನ್ಯ ಚೈನಿನಲ್ಲಿ, ನಡುವಿನ ಅಂತರದ 2ರಿಂದ 4% ಜೋತು ಬಿಡಬೇಕು. ಒಂದು ಮೀಟರ್ ಅಂತರಕ್ಕೆ 20ರಿಂದ 40 ಮಿ.ಮೀ. ಇನ್ನೊಂದು ಮಾತು: ಟೆನ್ಷನರ್‌ನ ಚೈನನ್ನು ಒತ್ತಿ ಹಿಡಿಯುವ ಐಡ್ಲರ್ ಗಾಲಿ ಕೂಡ ಒಂದು ಸ್ಪ್ರಾಕೆಟ್ಟೇ. ಜಾಗ ಇಲ್ಲವೆಂದು ಅದನ್ನು ತೀರ ಚಿಕ್ಕದು ಹಾಕಿದರೆ ಮೂಲೆಯ ಗಾಲಿ ಇನ್ನೊಂದು ಬಂದ ಹಾಗೆ.

ಎರಡನೆಯದು ಎಣ್ಣೆ. ತಿನ್ನುವ ಪದಾರ್ಥದ ಮಷೀನ್, ಗ್ರೀಸ್ ಬೇಡ ಎಂದು ಶೇಂಗಾ ಎಣ್ಣೆ ಬಿಟ್ಟಿದ್ದರು. ಅವರ ಕಾಳಜಿ ಸರಿಯಾದದ್ದೇ. ಆದರೆ ಅಡುಗೆ ಎಣ್ಣೆ ಒಲೆಯ ಬಿಸಿಗೆ ಅಂಟಂಟಾಗಿ, ಕೊನೆಗೆ ಅರಗಿನ ಹಾಗೆ ಗಟ್ಟಿಯಾಗುತ್ತದೆ. ಮೇಲೆ ಜೋಳದ ಹಿಟ್ಟು ಕೂತು ಕೊಂಡಿಗಳು ಮಡಚಲಾರದೆ ಸೆಟೆದುಕೊಂಡಿದ್ದವು. ಸ್ಪ್ರಾಕೆಟ್ ಬಿಟ್ಟು ಬಂದ ಮೇಲೂ ಕೆಲವು ಕೊಂಡಿ ನೆಟ್ಟಗಾಗದೆ ಸೊಟ್ಟಗೇ ಓಡುತ್ತಿದ್ದವು.

ಇಲ್ಲೇ ಒಂದು ಪರೀಕ್ಷೆ ಮಾಡಿದೆವು. ಜಾಲರಿಯ ಅಂಚಿಗೆ ಟೇಪ್ ಹಿಡಿದು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ವಿಡಿಯೋ ತೆಗೆದೆವು. ಎರಡು ಥರದ ಜರ್ಕು ಕಂಡವು. ಒಂದು ಸರಿಯಾಗಿ ಎರಡಿಂಚಿಗೊಮ್ಮೆ ಬರುವ ಸಣ್ಣ ಏರಿಳಿತ. ಇನ್ನೊಂದು ಯಾವ ಲೆಕ್ಕಕ್ಕೂ ಸಿಗದೆ ಒಮ್ಮೊಮ್ಮೆ ನಿಂತು ಹಾರುವ ಜರ್ಕು. ಚೈನನ್ನು ತೊಳೆದು, ಹೆಚ್ಚಿನ ಬಿಸಿ ತಡೆಯುವ ಫುಡ್ ಗ್ರೇಡ್ ಚೈನ್ ಎಣ್ಣೆ ಬಿಟ್ಟು ಮತ್ತೆ ವಿಡಿಯೋ ತೆಗೆದೆವು. ಎರಡನೆಯ ಜರ್ಕು ಪೂರ್ತಿ ಹೋಯಿತು. ಮೊದಲನೆಯದು ಕೂದಲೆಳೆಯಷ್ಟೂ ಬದಲಾಗಲಿಲ್ಲ. ಎಣ್ಣೆಯಿಂದ ಹೋಗುವುದು ತಿಕ್ಕಾಟದ ಜರ್ಕು. ಹಲ್ಲಿನ ಲೆಕ್ಕದಲ್ಲಿ ಬರುವುದು ಹಲ್ಲು ಬದಲಿಸಿದರೆ ಮಾತ್ರ ಹೋಗುತ್ತದೆ.

ಆಮೇಲೆ ಮಾಡಿದ್ದು ಸೈಕಲ್ಲಿನವರು ಮಾಡಿದ್ದನ್ನೇ. ಎರಡಿಂಚಿನ ಚೈನು ತೆಗೆದು ಒಂದಿಂಚಿನದ್ದು, 25.4 ಮಿ.ಮೀ., ಹಾಕಿಸಿದೆವು. ಎಂಟು ಹಲ್ಲಿನ ಜಾಗಕ್ಕೆ ಹದಿನಾರು ಹಲ್ಲಿನ ಸ್ಪ್ರಾಕೆಟ್. ಪಿಚ್ ವ್ಯಾಸ ಸುಮಾರು 133 ಮಿ.ಮೀ. ಇದ್ದದ್ದು 130 ಆಯಿತು. ಹಾಗಾಗಿ ಶಾಫ್ಟ್ ಮುಟ್ಟುವ ಪ್ರಮೇಯ ಬರಲಿಲ್ಲ, ಜಾಲರಿ ಹಿಡಿಯುವ ಕಿವಿಗಳನ್ನು ಮಾತ್ರ ಹೊಸದಾಗಿ ಮಾಡಿಸಬೇಕಾಯಿತು. ಚಿಕ್ಕ ಪಿಚ್ ಚೈನಿಗೆ ಎಳೆಯುವ ಬಲ ಕಡಿಮೆ ಇರಬಹುದು, ಅದನ್ನು ಮೊದಲೇ ನೋಡಿಕೊಳ್ಳಬೇಕು. ರೊಟ್ಟಿಯ ಭಾರ ಎಷ್ಟು ಮಹಾ, ಇಲ್ಲಿ ಆ ಚಿಂತೆ ಇರಲಿಲ್ಲ. ಅರ್ಧ ಮಿ.ಮೀ. ಇದ್ದ ಹಿಂದುಮುಂದು ಅದರ ಎಂಟನೇ ಒಂದು ಭಾಗಕ್ಕೆ ಇಳಿಯಿತು. ಏರಿಳಿತವೂ ಸಣ್ಣದು, ಪ್ರತಿ ಏರಿಳಿತದ ಹೊತ್ತೂ ಅರ್ಧ, ಅದಕ್ಕೇ ಅಷ್ಟು ಲಾಭ. ಗೆರೆ ಹೋಯಿತು, ರೊಟ್ಟಿ ಉಬ್ಬಿತು.

ಹದಿನಾರು ಹಲ್ಲಿನಿಂದ ಚೈನಿಗೂ ಒಳ್ಳೆಯದೇ ಆಗಿದೆ. ಎಂಟು ಹಲ್ಲಿನ ಮೇಲೆ ಪ್ರತಿ ಕೊಂಡಿ 45 ಡಿಗ್ರಿ ಮಡಚಬೇಕಿತ್ತು, ಈಗ 22.5 ಸಾಕು. ಪಿನ್ನು ಬುಶ್ಶಿನೊಳಗೆ ತಿರುಗುವುದು ಅಷ್ಟು ಕಡಿಮೆ. ಆದರೂ ಎಣ್ಣೆ ಬೇಕೇ ಬೇಕು, ಅದೂ ಸರಿಯಾದ ಜಾಗಕ್ಕೆ. ರೋಲರಿನ ಮೇಲೆ ಸುರಿದರೆ ಹೊರಗಷ್ಟೇ ಹೊಳೆಯುತ್ತದೆ. ಸಡಿಲ ಬದಿಯಲ್ಲಿ, ಎರಡು ಪಟ್ಟಿಗಳು ಕೂಡುವ ಸಂದಿಗೆ ಹನಿ ಹನಿ ಬಿಟ್ಟರೆ ಪಿನ್ನಿನ ತನಕ ಇಳಿಯುತ್ತದೆ. ದಪ್ಪ ಗ್ರೀಸ್ ಆ ಸಂದಿಯಲ್ಲಿ ಇಳಿಯುವುದೇ ಇಲ್ಲ.

ಪಿನ್ನು ಸವೆದರೆ ಚೈನು ಉದ್ದವಾಗುತ್ತದೆ, ಟೆನ್ಷನರ್ ಆ ಉದ್ದವನ್ನು ಮುಚ್ಚಿಡುತ್ತದೆ. ಅದಕ್ಕೇ ಅಕ್ಕಾರಿಗೆ ಟೆನ್ಷನರ್ ನಂಬದೆ ಟೇಪ್ ಹಿಡಿಯಲು ಹೇಳಿದೆ. ಹೊಸ ಚೈನಿನ ಹತ್ತು ಕೊಂಡಿ 254 ಮಿ.ಮೀ. ಅದು 261 ದಾಟಿದರೆ ಸುಮಾರು 3% ಹಿಗ್ಗಿದೆ ಎಂದರ್ಥ, ಚೈನು ತೆಗೆಯಬೇಕು. ತಿಂಗಳಿಗೊಮ್ಮೆ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದಾರೆ. ಹೋದ ವಾರ ನೋಡಿದಾಗ 255 ಇತ್ತು.