ವೈಫೈ ಪಾಸ್‌ವರ್ಡ್: ಮೆಸೇಜ್ ಕಳಿಸೋದಾ, ಕ್ಯೂಆರ್ ತೋರಿಸೋದಾ, ಬಾಯಲ್ಲಿ ಹೇಳೋದಾ?

ಓದುಗರ ಪ್ರಶ್ನೆ: ಮುಂದಿನ ವಾರ ನಮ್ಮ ಮನೆಯಲ್ಲಿ ಮೊಮ್ಮಗಳ ನಾಮಕರಣ. ಮೂವತ್ತು ಜನ ನೆಂಟರು ಬರ್ತಾರೆ, ಎಲ್ಲರೂ ವೈಫೈ ಕೇಳ್ತಾರೆ. ಹೋದ ಸಲ ಹಬ್ಬಕ್ಕೆ ಪಾಸ್‌ವರ್ಡನ್ನು ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೇ ಹಾಕಿಬಿಟ್ಟಿದ್ದೆ. ಮಗ ಬೇಜಾರು ಮಾಡಿಕೊಂಡ. ಕ್ಯೂಆರ್ ಕೋಡ್ ತೋರಿಸಿದರೆ ಪಾಸ್‌ವರ್ಡ್ ಯಾರಿಗೂ ಗೊತ್ತಾಗಲ್ಲ ಅಂತಾನೆ. ಬಾಯಲ್ಲಿ ಹೇಳಿದರೆ ಸಾಕು ಅಂತಾರೆ ನಮ್ಮ ಯಜಮಾನರು. ಯಾವುದು ಸರಿ? (ಹಾಸನದ ಓದುಗರೊಬ್ಬರು)

ಉತ್ತರ: ಎದುರಿಗೆ ನಿಂತವರಿಗೆ ಕ್ಯೂಆರ್ ತೋರಿಸಿ. ದೂರದಲ್ಲಿರುವವರಿಗೆ ಮಾತ್ರ ಮೆಸೇಜ್ ಮಾಡಿ, ಅದೂ ಗ್ರೂಪಿಗಲ್ಲ, ಅವರೊಬ್ಬರಿಗೇ. ಕ್ಯಾಮೆರಾದಿಂದ ಸ್ಕ್ಯಾನ್ ಮಾಡಲಾಗದ ಲ್ಯಾಪ್‌ಟಾಪ್, ಟಿವಿಗಳಿಗೆ ಬಾಯಲ್ಲಿ ಹೇಳಿ. ಆದರೆ ನಿಮ್ಮ ಮಗ ಹೇಳಿದ ಒಂದು ಮಾತು ಸರಿಯಲ್ಲ. ಅದನ್ನು ಮೊದಲು ನೋಡೋಣ, ಯಾಕೆಂದರೆ ತುಂಬಾ ಜನ ಹಾಗೇ ನಂಬಿದ್ದಾರೆ.

ಕ್ಯೂಆರ್ ಕೋಡ್ ಪಾಸ್‌ವರ್ಡನ್ನು ಮುಚ್ಚಿಡುವುದಿಲ್ಲ. ಕಪ್ಪು ಬಿಳುಪಿನ ಆ ಚೌಕಗಳಲ್ಲಿ ಇರುವುದು ಒಂದೇ ಒಂದು ಸಾಲು. ನಿಮ್ಮ ವೈಫೈ ಹೆಸರು `Namma-Mane`, ಪಾಸ್‌ವರ್ಡ್ `Sriranga@2015` ಅಂತ ಇಟ್ಟುಕೊಳ್ಳಿ. ಆಗ ಕೋಡ್ ಒಳಗೆ ಇರುವುದು ಇಷ್ಟು:

```
WIFI:T:WPA;S:Namma-Mane;P:Sriranga@2015;;
```

`S:` ಆದಮೇಲೆ ಹೆಸರು, `P:` ಆದಮೇಲೆ ಪಾಸ್‌ವರ್ಡ್. ಬೀಗವೂ ಇಲ್ಲ, ಗುಟ್ಟೂ ಇಲ್ಲ. ಒಳಗಿನ ಬರಹವನ್ನು ಹಾಗೇ ತೋರಿಸುವ ಸ್ಕ್ಯಾನರ್ ಆ್ಯಪ್ ಇದ್ದರೆ ಯಾರು ಬೇಕಾದರೂ ಇದನ್ನು ಓದಬಹುದು. ಅಷ್ಟೂ ಬೇಕಿಲ್ಲ. ಆಂಡ್ರಾಯ್ಡ್ 10 ಬಂದಮೇಲಿನ ಬಹಳಷ್ಟು ಫೋನ್‌ಗಳಲ್ಲಿ ವೈಫೈ ಸೆಟ್ಟಿಂಗ್ಸ್‌ಗೆ ಹೋಗಿ, ಕನೆಕ್ಟ್ ಆಗಿರುವ ಹೆಸರನ್ನು ತೆರೆದು `Share` ಒತ್ತಿದರೆ ಕ್ಯೂಆರ್ ಬರುತ್ತದೆ. ಅದರ ಕೆಳಗೇ ಪಾಸ್‌ವರ್ಡ್ ಅಕ್ಷರಗಳಲ್ಲೂ ಕಾಣುತ್ತದೆ. ಅಂದರೆ ನೀವು ಕ್ಯೂಆರ್ ತೋರಿಸಿದ ನೆಂಟರು, ತಮ್ಮ ಫೋನಿನಿಂದ ಅದೇ ಕ್ಯೂಆರನ್ನು ಇನ್ನೊಬ್ಬರಿಗೆ ತೋರಿಸಬಹುದು.

ಮೆಸೇಜ್ ಮಾಡಿದರೂ, ಬಾಯಲ್ಲಿ ಹೇಳಿದರೂ ಅಷ್ಟೇ. ಒಂದು ಸಲ ಕನೆಕ್ಟ್ ಆದ ಫೋನು ಪಾಸ್‌ವರ್ಡನ್ನು ಒಳಗೆ ಉಳಿಸಿಕೊಳ್ಳುತ್ತದೆ. ಹಾಗಾಗಿ ಮೂರರಲ್ಲಿ ಯಾವುದನ್ನು ಆರಿಸಿದರೂ, ಕನೆಕ್ಟ್ ಆದವರ ಕೈಗೆ ಪಾಸ್‌ವರ್ಡ್ ಹೋಗಿಯೇ ಹೋಗುತ್ತದೆ. ವ್ಯತ್ಯಾಸ ಬರುವುದು ಎರಡು ಕಡೆ. ಕನೆಕ್ಟ್ ಆಗದವರ ಕೈಗೂ ಅದು ಸಿಗುತ್ತದಾ? ತಪ್ಪಿಲ್ಲದೆ ತಲುಪುತ್ತದಾ?

ನಿಮ್ಮ ಗ್ರೂಪಿನ ಮೆಸೇಜ್ ಎಡವಿದ್ದು ಮೊದಲನೆಯದರಲ್ಲಿ. ವಾಟ್ಸಾಪ್ ಮೆಸೇಜು ದಾರಿಯಲ್ಲಿ ಹೋಗುವಾಗ ಬೇರೆಯವರು ಓದಲಾರರು, ಅದು ನಿಜ. ತೊಂದರೆ ಇರುವುದು ತಲುಪಿದ ಮೇಲೆ. ಗ್ರೂಪಿನಲ್ಲಿ ನಲವತ್ತು ಜನ ಇದ್ದರೆ, ಹಬ್ಬಕ್ಕೆ ಬಾರದವರ ಫೋನಿನಲ್ಲೂ ನಿಮ್ಮ ಪಾಸ್‌ವರ್ಡ್ ಕೂತಿರುತ್ತದೆ. ಅವರ ಬ್ಯಾಕಪ್‌ನಲ್ಲಿ ಇರುತ್ತದೆ. ಆಫೀಸಿನ ಕಂಪ್ಯೂಟರಿನಲ್ಲಿ ವಾಟ್ಸಾಪ್ ತೆರೆದಿಟ್ಟವರ ಪರದೆಯ ಮೇಲೂ ಇರುತ್ತದೆ. ಎರಡು ವರ್ಷ ಬಿಟ್ಟು ಯಾರಾದರೂ `wifi` ಅಂತ ಹುಡುಕಿದರೆ ಮೇಲೆ ಬರುತ್ತದೆ. `Delete for everyone` ಕೆಲಸ ಮಾಡುವುದು ಸುಮಾರು ಎರಡು ದಿನದವರೆಗೆ ಮಾತ್ರ. ಆಮೇಲೆ ಅಳಿಸಿದರೆ ನಿಮ್ಮ ಫೋನಿನಿಂದ ಮಾತ್ರ ಹೋಗುತ್ತದೆ.

ಕ್ಯೂಆರ್ ಚಿತ್ರವನ್ನೇ ಗ್ರೂಪಿಗೆ ಹಾಕುವುದು ಇನ್ನೂ ಕೆಟ್ಟದ್ದು. ಚಿತ್ರ ಎಷ್ಟೋ ಜನರ ಗ್ಯಾಲರಿಗೆ ತಾನಾಗಿಯೇ ಇಳಿಯುತ್ತದೆ. ಅಲ್ಲಿಂದ ಫೋಟೋ ಬ್ಯಾಕಪ್‌ಗೂ ಹೋಗುತ್ತದೆ. ಇಷ್ಟೆಲ್ಲಾ ಆಗಿ, ಪಡೆದವರಿಗೆ ಸುಲಭವೂ ಆಗಲಿಲ್ಲ. ತಮ್ಮ ಫೋನಿನಲ್ಲೇ ಇರುವ ಚಿತ್ರವನ್ನು ಅದೇ ಫೋನಿನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡೋಕೆ ಆಗಲ್ಲ ಅಲ್ವಾ? ಎದುರಿಗೆ ಹಿಡಿದು ತೋರಿಸುವಾಗ ಮಾತ್ರ ಕ್ಯೂಆರ್ ಗೆಲ್ಲುತ್ತದೆ. ಟೈಪ್ ಮಾಡುವುದೇ ಇಲ್ಲ, ಹಾಗಾಗಿ ತಪ್ಪೂ ಇಲ್ಲ. ಫೋಟೋ ತೆಗೆಯದಿದ್ದರೆ ಚಿತ್ರವೂ ಉಳಿಯುವುದಿಲ್ಲ. ಐಫೋನ್ ಇರುವವರು ಮಾಮೂಲಿ ಕ್ಯಾಮೆರಾ ಹಿಡಿದರೆ ಸಾಕು, ಸೇರಬೇಕಾ ಅಂತ ಅದೇ ಕೇಳುತ್ತದೆ.

ಕಾಗದದ ಮೇಲೆ ಕ್ಯೂಆರ್ ಅಚ್ಚು ಹಾಕಿ ಗೋಡೆಗೆ ಅಂಟಿಸುವ ಯೋಚನೆ ಇದ್ದರೆ ಒಂದು ಮಾತು. ಇದಕ್ಕಂತಲೇ ಇರುವ ಗುರುತಿಲ್ಲದ ವೆಬ್‌ಸೈಟ್‌ಗೆ ಹೋಗಿ ಪಾಸ್‌ವರ್ಡ್ ತುಂಬಬೇಡಿ. ನಿಮ್ಮ ಫೋನ್ ತೋರಿಸುವ ಕೋಡಿನ ಸ್ಕ್ರೀನ್‌ಶಾಟ್ ತೆಗೆದು, ಕೆಳಗಿನ ಅಕ್ಷರಗಳನ್ನು ಕತ್ತರಿಸಿ, ಚೌಕವನ್ನಷ್ಟೇ ಪ್ರಿಂಟ್ ಮಾಡಿ. ಕೆಲವು ಫೋನ್‌ಗಳು ಆ ಪರದೆಯ ಸ್ಕ್ರೀನ್‌ಶಾಟ್ ತೆಗೆಯಲು ಬಿಡುವುದಿಲ್ಲ. ಆಗ ಇನ್ನೊಂದು ಫೋನಿನಿಂದ ಫೋಟೋ ತೆಗೆಯಿರಿ. ಪ್ರಿಂಟ್ ಆದಮೇಲೆ ಫೋಟೋ ಅಳಿಸಿ. ಇನ್ನೆಲ್ಲಾದರೂ ವೈಫೈ ಕೋಡ್ ಸ್ಕ್ಯಾನ್ ಮಾಡಿದಾಗ ನೆಟ್‌ವರ್ಕ್ ಹೆಸರಿನ ಬದಲು `https` ಅಂತ ಶುರುವಾಗುವ ಲಿಂಕ್ ಬಂದರೆ, ಅದು ನಿಮ್ಮನ್ನು ಯಾವುದೋ ವೆಬ್ ಪುಟಕ್ಕೆ ಕರೆದುಕೊಂಡು ಹೋಗುತ್ತಿದೆ ಅಂತ ಅರ್ಥ. ವೈಫೈಗೆ ಸೇರೋಕೆ ಲಿಂಕ್ ಬೇಕಾಗಿಲ್ಲ. ಅಲ್ಲೇ ನಿಲ್ಲಿಸಿ.

ಈಗ ಯಜಮಾನರ ಮಾತಿಗೆ ಬರೋಣ. ಕನೆಕ್ಟ್ ಆದ ಫೋನು ಬಿಟ್ಟರೆ, ಬಾಯಲ್ಲಿ ಹೇಳಿದ್ದು ಬೇರೆಲ್ಲೂ ಉಳಿಯುವುದಿಲ್ಲ. ಅದು ಅದರ ದೊಡ್ಡ ಗುಣ. ಆದರೆ `Sriranga@2015` ಅನ್ನೋದನ್ನು ನಾಮಕರಣದ ಗದ್ದಲದಲ್ಲಿ ಹೇಳಿ ನೋಡಿ. "ಶ್ರೀರಂಗ, ಅಟ್, ಎರಡು ಸಾವಿರದ ಹದಿನೈದು" ಅಂತೀರಿ. ಕೇಳಿದವರು `shriranga` ಅಂತ ಹೊಡೀತಾರೆ. ಇನ್ನೊಬ್ಬರು `sreeranga`, ಮತ್ತೊಬ್ಬರು `Shreeranga`. ಅವರ ತಪ್ಪೇನೂ ಇಲ್ಲ. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯೋಕೆ ಒಂದೇ ದಾರಿ ಅಂತ ಇಲ್ಲ. ಲಕ್ಷ್ಮಿಗೆ `Lakshmi`, `Laxmi`, `Lakshmee` ಮೂರೂ ನಡೆಯುತ್ತವೆ. ಫೋನಿಗೆ ಮಾತ್ರ ಒಂದೇ ನಡೆಯುತ್ತದೆ. ದೊಡ್ಡ ಅಕ್ಷರ, ಸಣ್ಣ ಅಕ್ಷರದ ವ್ಯತ್ಯಾಸವನ್ನೂ ಅದು ಬಿಡುವುದಿಲ್ಲ.

ಇದಕ್ಕೆ ಪರಿಹಾರ ಜೋರಾಗಿ ಹೇಳೋದಲ್ಲ, ಪಾಸ್‌ವರ್ಡನ್ನೇ ಹೇಳೋಕೆ ಬರುವ ಹಾಗೆ ಮಾಡೋದು. ಹೆಸರು, ಊರು, ಹುಟ್ಟಿದ ವರ್ಷ ಬಿಡಿ, ಅವನ್ನು ಊಹಿಸುವುದೂ ಸುಲಭ. ದೀರ್ಘ ಸ್ವರ, ಶ/ಷ, ಒತ್ತಕ್ಷರ ಇಲ್ಲದ ಪದಗಳನ್ನು ಹುಡುಕಿ. ಮರ, ನದಿ, ಕಡಲು, ಹಸಿರು, ಮುಗಿಲು. ಇವನ್ನು ಬರೆಯೋಕೆ ಹೆಚ್ಚು ದಾರಿಗಳಿಲ್ಲ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಪದ ಸೇರಿಸಿ, ನಡುವೆ ಎರಡು ಅಂಕಿ ಹಾಕಿ, ಎಲ್ಲಾ ಸಣ್ಣ ಅಕ್ಷರದಲ್ಲೇ ಇಡಿ:

```
mugilu7bele4kurimara
```

ವೈಫೈ ಪಾಸ್‌ವರ್ಡ್ ಎಂಟು ಅಕ್ಷರದಿಂದ 63 ಅಕ್ಷರದವರೆಗೆ ಇರಬಹುದು. ಇದರಲ್ಲಿ ಇಪ್ಪತ್ತಿದೆ. ಹೇಳುವಾಗ ಹೀಗೆ ಹೇಳಿ: "ಎಲ್ಲಾ ಸಣ್ಣ ಅಕ್ಷರ, ನಡುವೆ ಸ್ಪೇಸ್ ಇಲ್ಲ. ಮುಗಿಲು, ಅಂಕಿ ಏಳು, ಬೆಲೆ, ಅಂಕಿ ನಾಲ್ಕು, ಕುರಿ, ಮರ." ಸೊನ್ನೆ, ಒಂದು ಇವೆರಡನ್ನೂ ಬಳಸಬೇಡಿ. ಸೊನ್ನೆ `O` ಥರ, ಒಂದು `l` ಥರ ಕಾಣುತ್ತದೆ. ಫೋನ್ ಕರೆಯಲ್ಲಿ ಒಂದೊಂದೇ ಅಕ್ಷರ ಹೇಳಬೇಕಾದರೆ ಬಿ, ಡಿ, ಪಿ, ಟಿ ಎಲ್ಲಾ ಒಂದೇ ಥರ ಕೇಳುತ್ತವೆ. ಆಗ ನಮ್ಮ ಊರುಗಳೇ ಕೈ ಹಿಡಿಯುತ್ತವೆ. ಬಿ ಫಾರ್ ಬೆಳಗಾವಿ, ಡಿ ಫಾರ್ ದಾವಣಗೆರೆ, ಪಿ ಫಾರ್ ಪುತ್ತೂರು, ಟಿ ಫಾರ್ ತುಮಕೂರು.

ಸರಿಯಾಗಿ ಹೊಡೆದರಾ ಇಲ್ವಾ ಅಂತ ತಿಳಿಯೋಕೆ, ಪಾಸ್‌ವರ್ಡ್ ಪೆಟ್ಟಿಗೆಯ ಪಕ್ಕದ ಕಣ್ಣಿನ ಗುರುತನ್ನೋ `Show password` ಅನ್ನೋದನ್ನೋ ಒತ್ತಿಸಿ. ಕನೆಕ್ಟ್ ಬಟನ್ ಮಂಕಾಗಿಯೇ ಇದ್ದರೆ ಎಂಟು ಅಕ್ಷರ ಇನ್ನೂ ತುಂಬಿಲ್ಲ.

ಮೆಸೇಜ್ ಮಾಡಲೇಬೇಕಾದಾಗಲೂ ತಪ್ಪು ನುಸುಳುತ್ತದೆ. ಟೈಪ್ ಮಾಡುವಾಗ ಕೀಬೋರ್ಡು ಮೊದಲಕ್ಷರವನ್ನು ತಾನೇ ದೊಡ್ಡದು ಮಾಡಿಬಿಡುತ್ತದೆ. ಪಾಸ್‌ವರ್ಡಿನ ಮೊದಲೂ ಕೊನೆಗೂ ನಕ್ಷತ್ರದ ಗುರುತೇ ಇದ್ದರೆ, ಉದಾಹರಣೆಗೆ `*mane2468*`, ವಾಟ್ಸಾಪ್ ಅದನ್ನು ದಪ್ಪ ಅಕ್ಷರ ಮಾಡಿ ನಕ್ಷತ್ರವನ್ನೇ ಮರೆಮಾಡುತ್ತದೆ. ನೋಡಿ ಟೈಪ್ ಮಾಡುವವರು ಎಷ್ಟು ಸಲ ಹೊಡೆದರೂ ಸೇರುವುದಿಲ್ಲ. ಹಾಗಾಗಿ ಪಾಸ್‌ವರ್ಡ್ ಒಂದನ್ನೇ ಒಂದು ಮೆಸೇಜಿನಲ್ಲಿ ಕಳಿಸಿ, "ಅಕ್ಕಾ ಇದೇ ಪಾಸ್‌ವರ್ಡು" ಅನ್ನೋದನ್ನು ಇನ್ನೊಂದರಲ್ಲಿ ಬರೆಯಿರಿ. ಅವರು ಇಡೀ ಮೆಸೇಜನ್ನೇ ಕಾಪಿ ಮಾಡಿ ಅಂಟಿಸಬಹುದು. ಸೇರಿದರು ಅಂತ ಗೊತ್ತಾದ ಕೂಡಲೇ ಅವತ್ತೇ `Delete for everyone` ಮಾಡಿ.

ಇನ್ನು ನಿಮ್ಮ ನಾಮಕರಣದ ದಿನ. ಮೂವತ್ತು ಜನರಿಗೆ ಮನೆಯ ಮುಖ್ಯ ಪಾಸ್‌ವರ್ಡನ್ನು ಯಾವ ದಾರಿಯಲ್ಲೂ ಕೊಡಬೇಡಿ ಅನ್ನೋದು ನನ್ನ ಸಲಹೆ. ಅದು ಗೊತ್ತಿದ್ದವರ ಫೋನು ನಿಮ್ಮ ಟಿವಿ, ಪ್ರಿಂಟರ್, ಸಿಸಿಟಿವಿ ಇರುವ ಜಾಗಕ್ಕೇ ಬಂದು ಸೇರುತ್ತದೆ. ರೂಟರಿನ ಸೆಟ್ಟಿಂಗ್ ಪುಟಕ್ಕೆ ಇನ್ನೂ `admin`, `admin` ಅಂತಲೇ ಇದ್ದರೆ ಅದನ್ನೂ ತೆರೆಯಬಹುದು.

ಮಗನ ಹತ್ತಿರ ಗೆಸ್ಟ್ ನೆಟ್‌ವರ್ಕ್, ಅಂದರೆ ನೆಂಟರಿಗೆ ಅಂತಲೇ ಬೇರೆ ವೈಫೈ ಮಾಡಿಸಿ. ಬ್ರೌಸರಿನಲ್ಲಿ `192.168.1.1` ಅಥವಾ `192.168.0.1` ಹೊಡೆದರೆ ಸಾಮಾನ್ಯವಾಗಿ ರೂಟರಿನ ಪುಟ ಬರುತ್ತದೆ. ಬರದಿದ್ದರೆ ರೂಟರಿನ ಅಡಿಯ ಸ್ಟಿಕ್ಕರಿನಲ್ಲಿ ವಿಳಾಸ ಇರುತ್ತದೆ. ಅಲ್ಲಿ `Guest Network` ಆನ್ ಮಾಡಿ, ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡಬೇಕು. ಫೈಬರ್ ಸಂಪರ್ಕದ ಜೊತೆ ಬರುವ ಕೆಲವು ಪೆಟ್ಟಿಗೆಗಳಲ್ಲಿ ಗೆಸ್ಟ್ ಅಂತ ಇರುವುದಿಲ್ಲ, `SSID2` ಅಂತ ಇರುತ್ತದೆ. ಅದನ್ನು ಆನ್ ಮಾಡಿದರೆ ಎರಡನೇ ಹೆಸರು ಬರುತ್ತದೆ ನಿಜ, ಆದರೆ ಅದರಿಂದಲೇ ನೆಂಟರ ಫೋನುಗಳು ಮನೆಯ ಸಾಧನಗಳಿಂದ ಬೇರೆಯಾಗಿಬಿಡುತ್ತವೆ ಅಂತ ಹೇಳಲಾಗದು. ಪರೀಕ್ಷೆ ಸುಲಭ. ಆ ಎರಡನೇ ವೈಫೈಗೆ ಸೇರಿದ ಫೋನಿನಿಂದ ಟಿವಿಗೆ ಕಾಸ್ಟ್ ಮಾಡಿ ನೋಡಿ, ರೂಟರ್ ಪುಟ ತೆರೆದು ನೋಡಿ. ಎರಡೂ ಆಗದಿದ್ದರೆ ಬೇರ್ಪಟ್ಟಿದೆ. ಒಂದಾದರೂ ಆಗಿಬಿಟ್ಟರೆ `isolation` ಅನ್ನುವ ಆಯ್ಕೆ ಹುಡುಕಿ ಆನ್ ಮಾಡಬೇಕು.

ಆಮೇಲೆ ಮಗ ತನ್ನ ಫೋನನ್ನು ಗೆಸ್ಟ್ ವೈಫೈಗೆ ಸೇರಿಸಿ, ಅದರ ಕ್ಯೂಆರ್ ಪ್ರಿಂಟ್ ತೆಗೆಯಲಿ. ಎರಡು ಹಾಳೆ ಸಾಕು, ಹಾಲ್‌ನಲ್ಲಿ ಒಂದು, ಊಟದ ಜಾಗದಲ್ಲಿ ಒಂದು. ಬೀದಿಗೆ ಕಾಣುವ ಕಿಟಕಿಯ ಹತ್ತಿರ ಬೇಡ. ಕೆಳಗೆ ದೊಡ್ಡ ಅಕ್ಷರದಲ್ಲಿ ವೈಫೈ ಹೆಸರನ್ನು ಬರೆಯಿರಿ. ಲ್ಯಾಪ್‌ಟಾಪ್ ತಂದವರಿಗೆ ಯಜಮಾನರು ಮುಗಿಲು, ಬೆಲೆ, ಕುರಿ, ಮರ ಹೇಳಲಿ. ಕಾರ್ಯಕ್ರಮವನ್ನು ವಿಡಿಯೋದಲ್ಲಿ ತೋರಿಸೋರು ಇದ್ದರೆ ಆ ಹಾಳೆ ಹಿನ್ನೆಲೆಯಲ್ಲಿ ಬರದ ಹಾಗೆ ನೋಡಿಕೊಳ್ಳಿ. ವಿಡಿಯೋ ನಿಲ್ಲಿಸಿ ಪರದೆಯಿಂದಲೂ ಸ್ಕ್ಯಾನ್ ಮಾಡಬಹುದು.

ಗ್ರೂಪಿನಲ್ಲಿ ಉಳಿದಿರುವ ಹಳೇ ಪಾಸ್‌ವರ್ಡನ್ನು ಅಳಿಸಿ ಪ್ರಯೋಜನವಿಲ್ಲ. ಸೇರಿದ ಫೋನುಗಳಲ್ಲಿ ಅದು ಉಳಿದಿದೆ. ಮುಖ್ಯ ವೈಫೈ ಪಾಸ್‌ವರ್ಡನ್ನೇ ಬದಲಿಸಬೇಕು. ಬದಲಿಸಿದ ಕ್ಷಣ ಟಿವಿ, ಕ್ಯಾಮೆರಾ, ಪ್ರಿಂಟರ್ ಎಲ್ಲಾ ಕಡಿದುಹೋಗುತ್ತವೆ, ಒಂದೊಂದಕ್ಕೂ ಹೊಸದನ್ನು ಹಾಕಬೇಕು. ನಾಮಕರಣದ ಹಿಂದಿನ ದಿನ ಈ ಕೆಲಸ ಹಚ್ಚಿಕೊಳ್ಳಬೇಡಿ. ಈ ಭಾನುವಾರವೇ ಮುಗಿಸಿ, ಮೊದಲು ಮನೆಯಲ್ಲಿ ವೈಫೈಗೆ ಸೇರಿರುವ ಸಾಧನಗಳನ್ನೆಲ್ಲಾ ಒಂದು ಚೀಟಿಯಲ್ಲಿ ಬರೆದುಕೊಂಡು ಕೂತರೆ ಯಾವುದೂ ಮರೆಯುವುದಿಲ್ಲ. ಗೆಸ್ಟ್ ವೈಫೈಗೆ ಇಷ್ಟು ಕಷ್ಟ ಇಲ್ಲ. ನೆಂಟರೆಲ್ಲಾ ಹೊರಟ ಸಂಜೆ ಅದನ್ನು ಆಫ್ ಮಾಡಿದರೆ ಆಯಿತು. ಮತ್ತೆ ಬೇಕಾದಾಗ ಹೊಸ ಪಾಸ್‌ವರ್ಡ್ ಕೊಟ್ಟು ಆನ್ ಮಾಡಿ, ಹೊಸ ಹಾಳೆ ಅಂಟಿಸಿ.